ಬಾಕಿ ಹಣ ತಿದ್ದುವಾಗ ಗೊತ್ತಾಗುವ ವ್ಯತ್ಯಾಸ: ಬ್ಲಾಕ್, ಫೈಲ್, ಆಬ್ಜೆಕ್ಟ್ ಸ್ಟೋರೇಜ್

ಬೆಳಗಾವಿಯ ಟಿಳಕವಾಡಿಯಲ್ಲಿ ಮದುವೆ ಫೋಟೊ ತೆಗೆಯುವ ಒಂದು ಸ್ಟುಡಿಯೋ ಇದೆ. ಅವರ ಹತ್ತಿರ ಮೂರು ತರದ ಡೇಟಾ ಇದೆ. ಆರ್ಡರ್, ಅಡ್ವಾನ್ಸ್, ಬಾಕಿ ಲೆಕ್ಕ ಇಡುವ ಬಿಲ್ಲಿಂಗ್ ಡೇಟಾಬೇಸ್ ಒಂದು. ನಾಲ್ಕು ಜನ ಡಿಸೈನರ್‌ಗಳು ದಿನವಿಡೀ ಕೆಲಸ ಮಾಡುವ ಆಲ್ಬಮ್ ಫೈಲುಗಳು ಇನ್ನೊಂದು. ಮೂರನೆಯದು, ಕೊಟ್ಟು ಮುಗಿಸಿದ ಮದುವೆಗಳ ಫೋಟೊ ಮತ್ತು ವಿಡಿಯೊ.

"ಸರ್, ಎಲ್ಲಾನೂ ಒಂದೇ ಕಡೆ ಕ್ಲೌಡಿಗೆ ಹಾಕಿಬಿಡ್ರಿ, ಸಸ್ತಾ ಆಗ್ತೈತಿ" ಎಂದರು ಮಾಲೀಕರು. ನಾನು ಒಪ್ಪಲಿಲ್ಲ. ಎಲ್ಲಿ ಇಡಬೇಕು ಅನ್ನೋದಕ್ಕಿಂತ ಮೊದಲು, ಇಟ್ಟ ಮೇಲೆ ಅದನ್ನು ಯಾರು ತಿದ್ದುತ್ತಾರೆ, ಎಷ್ಟು ಸಲ ತಿದ್ದುತ್ತಾರೆ ಎಂದು ಕೇಳಬೇಕು.

ಬಿಲ್ಲಿಂಗ್‌ನಿಂದ ಶುರು ಮಾಡೋಣ. ಗ್ರಾಹಕರೊಬ್ಬರು 5,000 ರೂಪಾಯಿ ಕಟ್ಟಿದರು, ಬಾಕಿ 15,000ದಿಂದ 10,000ಕ್ಕೆ ಇಳಿಯಬೇಕು. ಡೇಟಾಬೇಸ್ ಒಟ್ಟು 2 ಜಿಬಿ ಇದೆ ಎಂದುಕೊಳ್ಳಿ. ಬ್ಲಾಕ್ ಸ್ಟೋರೇಜ್‌ನಲ್ಲಿ ಡಿಸ್ಕನ್ನು ಒಂದೇ ಅಳತೆಯ ಚಿಕ್ಕ ಚಿಕ್ಕ ತುಂಡುಗಳಾಗಿ ನೋಡಲಾಗುತ್ತದೆ, ಪ್ರತಿ ತುಂಡಿಗೂ ಒಂದು ನಂಬರ್. ಫೋಟೊ ಯಾವುದು, ಬಿಲ್ ಯಾವುದು ಎಂದು ಡಿಸ್ಕಿಗೆ ಗೊತ್ತಿಲ್ಲ. ಇಂಥ ನಂಬರಿನ ತುಂಡು ಓದು, ಇಂಥದ್ದಕ್ಕೆ ಬರೆ, ಅಷ್ಟೇ ಅದರ ಕೆಲಸ. ಹಾಗಾಗಿ ಡೇಟಾಬೇಸ್ ನಡೆಸುವ ಮೈಎಸ್‌ಕ್ಯುಎಲ್ ಆ ಬಾಕಿ ಇರುವ 16 ಕೆಬಿಯ ಒಂದು ಪುಟ, ಜೊತೆಗೆ ಬದಲಾವಣೆ ಗುರುತಿಡುವ ಲಾಗ್‌ನಲ್ಲಿ ಸ್ವಲ್ಪ ಬರೆದು ಮುಗಿಸುತ್ತದೆ. ಉಳಿದದ್ದನ್ನು ಮುಟ್ಟುವುದೇ ಇಲ್ಲ.

ಕ್ಲೌಡಿನಲ್ಲಿ ಹೊಸ ಬ್ಲಾಕ್ ಡಿಸ್ಕ್ ಜೋಡಿಸಿದಾಗ ಲಿನಕ್ಸ್‌ನಲ್ಲಿ ಇದನ್ನು ಕೊಟ್ಟು ನೋಡಿ:

```
lsblk -f
```

ಹೊಸ ಡಿಸ್ಕಿನ ಸಾಲಿನಲ್ಲಿ `FSTYPE` ಜಾಗ ಖಾಲಿ ಇರುತ್ತದೆ. ಅಂದರೆ ಇನ್ನೂ ಫಾರ್ಮ್ಯಾಟ್ ಆಗಿಲ್ಲ, ಅದು ನಿಮ್ಮದೇ ಕೆಲಸ. ಅಲ್ಲಿ ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ `ext4` ಹೆಸರು ಕಂಡರೆ ಫಾರ್ಮ್ಯಾಟ್ ಮಾಡಲೇಬೇಡಿ, ಒಳಗಿರುವುದೆಲ್ಲ ಹೋಗುತ್ತದೆ.

ಹಾಗಾದರೆ ಇದೇ ಡಿಸ್ಕನ್ನು ನಾಲ್ಕೂ ಡಿಸೈನರ್‌ಗಳ ಮಷೀನಿಗೆ ಜೋಡಿಸಿದರೆ ಆಗೋದಿಲ್ವಾ? ಆಗೋದಿಲ್ಲ. `ext4` ಒಂದು ಸಲಕ್ಕೆ ಒಂದೇ ಮಷೀನಿಗೆಂದು ಮಾಡಿದ್ದು. ಯಾವ ಬ್ಲಾಕ್ ಖಾಲಿ ಇದೆ ಎಂಬ ಲೆಕ್ಕವನ್ನು ಪ್ರತಿ ಮಷೀನೂ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಪಕ್ಕದ್ದನ್ನು ಕೇಳುವುದಿಲ್ಲ. ಒಂದರಲ್ಲಿ ಸೇವ್ ಮಾಡಿದ ಫೈಲ್ ಇನ್ನೊಂದರಲ್ಲಿ ಕಾಣದೇ ಇರುವುದು ಮೊದಲ ಲಕ್ಷಣ. ಆಮೇಲೆ ಒಂದರ ಮೇಲೊಂದು ಬರೆದು ಫೈಲ್‌ಗಳೇ ಕೆಡುತ್ತವೆ.

ಅದಕ್ಕೇ ಆಲ್ಬಮ್‌ಗಳಿಗೆ ಫೈಲ್ ಸ್ಟೋರೇಜ್ ಬೇಕು. ಇಲ್ಲಿ ಡಿಸ್ಕನ್ನು ನೋಡಿಕೊಳ್ಳುವ ಮಷೀನ್ ಒಂದೇ. ಉಳಿದವರು ನೆಟ್‌ವರ್ಕ್ ಮೂಲಕ ಫೋಲ್ಡರ್ ಮತ್ತು ಫೈಲಿನ ಹೆಸರು ಹೇಳಿ ಕೇಳುತ್ತಾರೆ. ಸ್ಟುಡಿಯೋದ ಮೂಲೆಯಲ್ಲಿರುವ ನಾಸ್ ಪೆಟ್ಟಿಗೆ ಮಾಡುವುದು ಇದನ್ನೇ: ವಿಂಡೋಸ್ ಮಷೀನುಗಳಿಗೆ ಎಸ್‌ಎಂಬಿ, ಲಿನಕ್ಸ್‌ಗೆ ಸಾಮಾನ್ಯವಾಗಿ ಎನ್‌ಎಫ್‌ಎಸ್. ಫೈಲ್ ಲಾಕ್ ಮಾಡುವ ಅನುಕೂಲವೂ ಇದೆ. ಒಬ್ಬರು ತೆರೆದಿಟ್ಟ ಎಕ್ಸೆಲ್ ಹಾಳೆಯನ್ನು ಇನ್ನೊಬ್ಬರು ತೆರೆದರೆ "ಬೇರೆಯವರು ಬಳಸುತ್ತಿದ್ದಾರೆ" ಎಂಬ ಸೂಚನೆ ಬರುತ್ತದಲ್ಲ, ಅದು ಇದರಿಂದಲೇ.

ಇನ್ನು ಮುಗಿದ ಮದುವೆಗಳು. ಇವನ್ನು ಯಾರೂ ತಿದ್ದುವುದಿಲ್ಲ, ನೋಡುತ್ತಾರೆ ಅಷ್ಟೇ. ಇವಕ್ಕೆ ಆಬ್ಜೆಕ್ಟ್ ಸ್ಟೋರೇಜ್ ಸರಿ. ಅಮೆಜಾನ್ 2006ರಲ್ಲಿ ಶುರು ಮಾಡಿದ ಎಸ್3 ಇದೇ ತರದ್ದು. ಗುಡಿ ಮುಂದೆ ಚಪ್ಪಲಿ ಕೊಟ್ಟು ಟೋಕನ್ ತೊಗೊಂಡ ಹಾಗೆ ಇದು. ಯಾವ ಗೂಡಿನಲ್ಲಿ ಇಟ್ಟರೋ ನಮಗೆ ಬೇಕಾಗಿಲ್ಲ, ಟೋಕನ್ ತೋರಿಸಿದರೆ ನಮ್ಮ ಜೋಡಿ ವಾಪಸ್ ಬರುತ್ತದೆ. ಇಲ್ಲಿ ಟೋಕನ್ ಅಂದರೆ ಕೀ:

```
2023/maduve-017/IMG_0412.jpg
```

ಫೋಲ್ಡರ್ ತರ ಕಂಡರೂ ಇದು ಸಾಮಾನ್ಯವಾಗಿ ಒಂದೇ ಉದ್ದನೆಯ ಹೆಸರು. ಹಾಗಾಗಿ `2023` ಎಂಬುದನ್ನು ಬೇರೆ ಹೆಸರಿಗೆ ಬದಲಿಸಿದರೆ, ಅದರಡಿ 40,000 ಫೋಟೊ ಇದ್ದಲ್ಲಿ 40,000 ಸಲ ನಕಲು ಮಾಡಿ ಹಳೆಯದನ್ನು ಅಳಿಸಬೇಕಾಗುತ್ತದೆ. ನಾಸ್‌ನಲ್ಲಿ ಕ್ಷಣದಲ್ಲಿ ಆಗುವ ಕೆಲಸ ಇಲ್ಲಿ ತುಂಬಾ ಹೊತ್ತು ಹಿಡಿದರೆ ಗಾಬರಿ ಬೇಡ, ಕಾರಣ ಇದು.

ಈಗ ಅದೇ ಬಿಲ್ಲಿಂಗ್ ಫೈಲನ್ನು ಇಲ್ಲಿ ಇಟ್ಟಿದ್ದರೆ? ಇಲ್ಲಿ ಇಟ್ಟ ಒಂದೊಂದು ಫೈಲೂ ಒಂದು ಆಬ್ಜೆಕ್ಟ್. ಸಾಮಾನ್ಯ ಆಬ್ಜೆಕ್ಟಿನ ಮಧ್ಯದಲ್ಲಿ ನಾಲ್ಕು ಅಂಕಿ ತಿದ್ದುವ ದಾರಿ ಇಲ್ಲ. ಹೊಸ ಆಬ್ಜೆಕ್ಟನ್ನೇ ಕೊಡಬೇಕು. 20 ಎಂಬಿಪಿಎಸ್ ಅಪ್‌ಲೋಡ್ ಇರುವ ಅಂಗಡಿಯಿಂದ 2 ಜಿಬಿ ಕಳಿಸಲು ಸುಮಾರು 13 ನಿಮಿಷ ಬೇಕು. ಒಂದು ಬಾಕಿ ತಿದ್ದಲು! ಓದುವಾಗ ಮಾತ್ರ ಈ ತೊಂದರೆ ಇಲ್ಲ. ಬೇಕಾದ ಭಾಗವನ್ನಷ್ಟೇ ಕೇಳಬಹುದು. ಹಾಗಾಗಿ ದೊಡ್ಡ ವಿಡಿಯೊದಲ್ಲಿ ಅಕ್ಷತೆ ಬೀಳುವ ಗಳಿಗೆಗೆ ನೇರವಾಗಿ ಹೋಗಿ ನೋಡಬಹುದು.

ಮಾಲೀಕರು ಹೇಳಿದ "ಸಸ್ತಾ" ಅರ್ಧ ನಿಜ. ಜಿಬಿ ಲೆಕ್ಕದಲ್ಲಿ ಆಬ್ಜೆಕ್ಟ್ ಸ್ಟೋರೇಜ್ ಸಾಮಾನ್ಯವಾಗಿ ಕಡಿಮೆ, ಆದರೆ ಬಹಳಷ್ಟು ಕಡೆ ಪ್ರತಿ ಬೇಡಿಕೆಗೂ ಡೌನ್‌ಲೋಡಿಗೂ ಬೇರೆ ಹಣ ಹಾಕುತ್ತಾರೆ.

ಕೊನೆಗೆ ಬಿಲ್ಲಿಂಗ್ ಬ್ಲಾಕ್ ಡಿಸ್ಕಿನಲ್ಲಿ, ನಡೆಯುತ್ತಿರುವ ಆಲ್ಬಮ್ ನಾಸ್‌ನಲ್ಲಿ, ಗ್ರಾಹಕರಿಗೆ ಕೊಟ್ಟಾದ ಮೇಲೆ ಆ ಮದುವೆ ಆಬ್ಜೆಕ್ಟ್ ಸ್ಟೋರೇಜಿಗೆ ಎಂದು ತೀರ್ಮಾನವಾಯಿತು. ನಾಸ್‌ನಿಂದ ಅಳಿಸುವ ಮೊದಲು ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಸೈಜ್ ಹೋಲಿಸಿ, ನಾಲ್ಕಾರು ಫೋಟೊ ಇಳಿಸಿಕೊಂಡು ತೆರೆದು ನೋಡಬೇಕು ಎಂದು ಹುಡುಗರಿಗೆ ಹೇಳಿಕೊಟ್ಟಿದ್ದೇನೆ.