ಅದೇ ದಿನ ಮತ್ತೆ ಬಂದರೆ ಏನು ಉಳಿಯುತ್ತದೆ? ಟೈಮ್ ಲೂಪ್ ಕಥೆಗಳ ಬಗ್ಗೆ ಒಂದು ಟಿಪ್ಪಣಿ

ಟೈಮ್ ಲೂಪ್ ಕಥೆಯ ಗುಟ್ಟು ಸರಳ. ಒಬ್ಬನು ಒಂದೇ ದಿನದೊಳಗೆ ಸಿಕ್ಕಿಬೀಳುತ್ತಾನೆ. ಮಲಗಿ ಎದ್ದರೆ ಮತ್ತೆ ಅದೇ ತಾರೀಖು, ಅದೇ ಜನ, ಅದೇ ಮಾತು. ಇಂಥ ಕಥೆ ಕೈಗೆ ಸಿಕ್ಕಾಗ ನಾನು ಮೊದಲು ಮಾಡುವ ಕೆಲಸ ಒಂದೇ. ಒಂದು ಹಾಳೆಯ ನಡುವೆ ಗೆರೆ ಎಳೆಯುತ್ತೇನೆ. ದಿನ ಮುಗಿದಾಗ ಅಳಿಸಿಹೋಗುವುದೆಲ್ಲ ಎಡಕ್ಕೆ, ಉಳಿಯುವುದೆಲ್ಲ ಬಲಕ್ಕೆ. ಗಾಯ, ದುಡ್ಡು, ಜಗಳ, ಸ್ನೇಹ, ಕೊನೆಗೆ ಸಾವು ಕೂಡ ಎಡಕ್ಕೆ ಹೋಗುತ್ತದೆ. ಬಲಕ್ಕೆ ಸಾಮಾನ್ಯವಾಗಿ ಒಂದೇ ಪದ ಉಳಿಯುತ್ತದೆ: ನೆನಪು. ಅದೂ ಒಬ್ಬನದು ಮಾತ್ರ.

ಈ ಹಾಳೆ ಸುಮ್ನೆ ಆಟಕ್ಕಲ್ಲ. ಪಾತ್ರ ಏನು ಕಲಿಯಬಹುದು, ಏನು ಕಲಿಯಲಾರದು ಅನ್ನೋದು ಇದರಿಂದಲೇ ತೀರ್ಮಾನವಾಗುತ್ತದೆ. ಹೇಗೆ ಅಂತ ಒಂದೇ ಸಿನಿಮಾ ಇಟ್ಟುಕೊಂಡು ನೋಡೋಣ. 1993ರ ‘ಗ್ರೌಂಡ್‌ಹಾಗ್ ಡೇ’. ನಿರ್ದೇಶನ ಹೆರಾಲ್ಡ್ ರೇಮಿಸ್ ಅವರದು, ಕಥೆ ಡ್ಯಾನಿ ರೂಬಿನ್ ಅವರದು, ಚಿತ್ರಕಥೆ ಇಬ್ಬರೂ ಸೇರಿ ಬರೆದದ್ದು. ಇದಕ್ಕಿಂತ ಮೊದಲೂ ಲೂಪ್ ಕಥೆಗಳಿದ್ದವು. ಆದರೆ ಈ ಬಗೆಯ ಕಥೆಗೆ ಈಗಲೂ ಜನ ಮೊದಲು ಹೇಳುವ ಹೆಸರು ಇದೇ.

ಫಿಲ್ ಕಾನರ್ಸ್ ಟಿವಿಯಲ್ಲಿ ಹವಾಮಾನ ಹೇಳುವವನು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಂಕ್ಸಟಾನಿ ಅಂತ ಒಂದು ಸಣ್ಣ ಊರು. ಅಲ್ಲಿ ಫೆಬ್ರವರಿ 2ರಂದು ಗ್ರೌಂಡ್‌ಹಾಗ್ ಅನ್ನೋ ಬಿಲದ ಪ್ರಾಣಿಯನ್ನು ಹೊರಗೆ ತಂದು, ಚಳಿ ಇನ್ನೆಷ್ಟು ದಿನ ಅಂತ ಭವಿಷ್ಯ ಕೇಳುತ್ತಾರೆ. ಅದರ ವರದಿಗೆ ಫಿಲ್ ಬಂದಿದ್ದಾನೆ. ಊರು ಕಂಡರೆ ಅವನಿಗೆ ತಾತ್ಸಾರ. ಜೊತೆಗೆ ಬಂದ ನಿರ್ಮಾಪಕಿ ರೀಟಾಳನ್ನೂ ಲೇವಡಿ ಮಾಡುತ್ತಾನೆ. ಬೆಳಿಗ್ಗೆ 6 ಗಂಟೆಗೆ ರೇಡಿಯೋ ಅಲಾರಂ ಹೊಡೆಯುತ್ತದೆ, ದಿನ ಶುರು. ಹಿಮಪಾತದಿಂದ ರಸ್ತೆ ಮುಚ್ಚಿ ಅದೇ ಊರಲ್ಲಿ ರಾತ್ರಿ ಉಳಿಯಬೇಕಾಗುತ್ತದೆ. ಮತ್ತೆ 6 ಗಂಟೆ, ಮತ್ತೆ ಫೆಬ್ರವರಿ 2.

ಮೊದಲ ದಿನವನ್ನು ಸಿನಿಮಾ ಎಷ್ಟು ಸಾವಧಾನವಾಗಿ ತೋರಿಸುತ್ತದೆ ನೋಡಿ. ಮೆಟ್ಟಿಲ ಹತ್ತಿರ ಮಾತಾಡಿಸುವವನು, ರಸ್ತೆ ಮೂಲೆಯ ಮುದಿ ಭಿಕ್ಷುಕ, ಗಂಟುಬೀಳುವ ಇನ್ಶೂರೆನ್ಸ್ ಏಜೆಂಟ್ ನೆಡ್, ಫುಟ್‌ಪಾತ್ ಇಳಿದರೆ ಕಾಲು ಮುಳುಗುವ ನೀರಿನ ಗುಂಡಿ. ಆಗ ಇವು ಪುಟ್ಟ ಕಿರಿಕಿರಿಗಳು, ಅಷ್ಟೆ. ನಿಜವಾಗಿ ಇವು ಅಳತೆಗೋಲು. ಎರಡನೇ ದಿನವೂ ಫಿಲ್ ಅದೇ ಗುಂಡಿಗೆ ಕಾಲಿಡುತ್ತಾನೆ. ಮುಂದೊಂದು ದಿನ ಕೆಳಗೆ ನೋಡದೆಯೇ ದಾಟಿಹೋಗುತ್ತಾನೆ. ಗುಂಡಿ ಬದಲಾಗಿಲ್ಲ, ಹಾಗಾಗಿ ಬದಲಾದದ್ದು ಫಿಲ್ ಅಂತ ಯಾರೂ ಹೇಳಬೇಕಿಲ್ಲ. ರೂಬಿನ್ ಮೊದಲು ಬರೆದ ಚಿತ್ರಕಥೆ ಲೂಪಿನ ಮಧ್ಯದಿಂದಲೇ ಶುರುವಾಗುತ್ತಿತ್ತು. ಫಿಲ್‌ಗೆ ಆಗಲೇ ಎಲ್ಲ ಗೊತ್ತಿರುತ್ತಿತ್ತು. ಆಮೇಲೆ ಅದನ್ನು ಬದಲಿಸಿ ಮೊದಲ ದಿನವನ್ನು ಪೂರ್ತಿ ಸೇರಿಸಿದರು. ಒಗಟಿನ ಮಜಾ ಕೊಂಚ ಹೋಯಿತು, ನಿಜ. ಆದರೆ ಅಳತೆಗೋಲು ಸಿಕ್ಕಿತು. ನನಗೆ ಬದಲಿಸಿದ್ದೇ ಸರಿ ಅನ್ನಿಸುತ್ತದೆ.

ಲೂಪಿನಲ್ಲಿ ಮೊದಲು ಸಿಗುವ ಕಲಿಕೆ ಮಾಹಿತಿ. ಯಾರು ಎಲ್ಲಿರುತ್ತಾರೆ, ಎಷ್ಟು ಹೊತ್ತಿಗೆ ಏನು ಬೀಳುತ್ತದೆ, ಯಾರಿಗೆ ಏನು ಇಷ್ಟ. ಫಿಲ್ ಇದನ್ನು ಬಳಸುವ ರೀತಿ ಕಳ್ಳನದು. ಹಣ ಸಾಗಿಸುವ ಗಾಡಿಯ ಕಾವಲುಗಾರರು ಯಾವ ಕ್ಷಣ ಮೈಮರೆಯುತ್ತಾರೆ ಅಂತ ಲೆಕ್ಕ ಇಟ್ಟುಕೊಂಡು ಚೀಲ ಎತ್ತುತ್ತಾನೆ. ಆಮೇಲೆ ಅದೇ ಜಾಣತನವನ್ನು ರೀಟಾಳ ಮೇಲೆ ತಿರುಗಿಸುತ್ತಾನೆ.

ಈ ಭಾಗವನ್ನು ಬಿಡಿಬಿಡಿಯಾಗಿ ನೋಡಬೇಕು, ಏಕೆಂದರೆ ಇಡೀ ಸಿನಿಮಾ ಇಲ್ಲೇ ತಿರುಗುತ್ತದೆ. ಒಂದು ಸಂಜೆ ಬಾರಿನಲ್ಲಿ ರೀಟಾ ಐಸ್ ಹಾಕಿದ ಸಿಹಿ ವರ್ಮೂತ್ ಕೇಳುತ್ತಾಳೆ. ಮರುದಿನ, ಅಂದರೆ ಅದೇ ದಿನ, ಫಿಲ್ ತನಗೂ ಅದೇ ಇಷ್ಟ ಎಂಬಂತೆ ಮೊದಲೇ ಅದನ್ನು ಹೇಳುತ್ತಾನೆ. ಆದರೆ ಗ್ರೌಂಡ್‌ಹಾಗ್ ಹೆಸರಲ್ಲಿ ಗ್ಲಾಸ್ ಎತ್ತಿ ಎಡವುತ್ತಾನೆ. ಅವಳು ಯಾವಾಗಲೂ ಕುಡಿಯುವುದು ವಿಶ್ವಶಾಂತಿಯ ಹೆಸರಲ್ಲಿ. ಮುಂದಿನ ಸಲ ಅದೂ ಸರಿಹೋಗುತ್ತದೆ. ಬಿಳಿ ಚಾಕೊಲೇಟ್ ಅಂದರೆ ಅವಳಿಗೆ ಆಗಿಬರಲ್ಲ, ಅದನ್ನು ನೆನಪಿಟ್ಟುಕೊಳ್ಳುತ್ತಾನೆ. ಕಾಲೇಜಿನಲ್ಲಿ ಅವಳು ಓದಿದ್ದು 19ನೇ ಶತಮಾನದ ಫ್ರೆಂಚ್ ಕಾವ್ಯ. ಅದನ್ನು ಕೇಳಿ ಒಂದು ಸಲ ನಗುತ್ತಾನೆ, ಸಂಜೆ ಅಲ್ಲಿಗೇ ಕೆಡುತ್ತದೆ. ಇನ್ನೊಂದು ಸಲ ಫ್ರೆಂಚ್ ಸಾಲು ಹೇಳಿ ಅವಳ ಮನಸ್ಸು ಸೆಳೆಯುತ್ತಾನೆ. ಸಂಕಲನದಲ್ಲಿ ಒಂದು ಜಾಣತನ ಇದೆ: ದಿನ ಬದಲಾಯಿತು ಅಂತ ತೋರಿಸಲು ಅಲಾರಂ ಇಲ್ಲ, ಬೆಳಗೂ ಇಲ್ಲ. ತಪ್ಪಿದ ಉತ್ತರದಿಂದ ನೇರವಾಗಿ ತಿದ್ದಿದ ಉತ್ತರಕ್ಕೆ ಕತ್ತರಿಸುತ್ತಾರೆ. ಹಾಗಾಗಿ ನಾವೂ ಫಿಲ್ ಜೊತೆ ಸೇರಿ ಸರಿ ಉತ್ತರ ಹುಡುಕತೊಡಗುತ್ತೇವೆ. ಅವನ ಮೋಸದಲ್ಲಿ ನಾವೂ ಪಾಲುದಾರರು!

ಆಮೇಲೆ ಹಿಮದ ದೃಶ್ಯ. ಇಬ್ಬರೂ ಹಿಮದ ಬೊಂಬೆ ಮಾಡುತ್ತಾರೆ, ಮಕ್ಕಳು ಹಿಮದುಂಡೆ ಎಸೆಯುತ್ತಾರೆ, ಇವರೂ ಎಸೆಯುತ್ತಾರೆ, ನಗುತ್ತಾ ಬೀಳುತ್ತಾರೆ. ಇದು ಯೋಜನೆ ಮಾಡಿದ್ದಲ್ಲ, ತಾನಾಗಿ ಆದದ್ದು. ರಾತ್ರಿ ಫಿಲ್ ಅವಸರ ಮಾಡುತ್ತಾನೆ, ರೀಟಾಳಿಗೆ ಇಡೀ ಸಂಜೆಯೇ ಹೂಡಿದ ಆಟ ಅಂತ ಹೊಳೆಯುತ್ತದೆ, ಕೆನ್ನೆಗೆ ಏಟು ಬೀಳುತ್ತದೆ. ಮುಂದಿನ ಸಲ ಫಿಲ್ ಎಲ್ಲವನ್ನೂ ಮತ್ತೆ ಮಾಡುತ್ತಾನೆ. ಅದೇ ಬೊಂಬೆ, ಅದೇ ಉಂಡೆ, ಅದೇ ಬೀಳು. ಆದರೆ ಈ ಸಲ ಅವನ ನಗು ಒಂದು ಗೇಣು ಜಾಸ್ತಿ. ಉತ್ಸಾಹ ಉಕ್ಕಿಸಿಕೊಂಡು ಹಾರಾಡುತ್ತಾನೆ. ಮುಂದೆ ಏನಾಗುತ್ತದೆ ಅಂತ ಅವನಿಗೆ ಗೊತ್ತು, ಅದೇ ತೊಂದರೆ. ಆಮೇಲೆ ರಾತ್ರಿಯ ಮೇಲೆ ರಾತ್ರಿ ಏಟುಗಳ ಸಾಲು, ಒಂದೊಂದೂ ಹಿಂದಿನದಕ್ಕಿಂತ ಬೇಗ ಬೀಳುತ್ತದೆ.

ಹಾಳೆಗೆ ವಾಪಸ್ ಬರೋಣ. ಬಲಗಡೆ ರೀಟಾಳ ಬಗ್ಗೆ ಹತ್ತಾರು ವಿವರ ಸೇರಿವೆ. ಆದರೆ ಅವಳ ವಿಶ್ವಾಸ ಎಡಗಡೆ ಇದೆ, ದಿನಾ ಸೊನ್ನೆಯಿಂದ ಶುರು. ಒಬ್ಬರೇ ನೆನಪಿಟ್ಟುಕೊಂಡರೆ ಸಂಬಂಧ ಬೆಳೆಯಲ್ಲ, ಫೈಲ್ ಬೆಳೆಯುತ್ತದೆ. ಲೂಪ್ ಕಥೆ ಬರೆಯುವವರು ಜಾಸ್ತಿ ಎಡವುವುದೂ ಇಲ್ಲೇ. ನಾಯಕ ನಲವತ್ತು ಸಲ ಪ್ರಯತ್ನಿಸಿ ನಾಯಕಿಗೆ ಇಷ್ಟವಾದದ್ದನ್ನೆಲ್ಲ ಬಾಯಿಪಾಠ ಮಾಡುತ್ತಾನೆ, ಅವಳು ಒಪ್ಪುತ್ತಾಳೆ, ಕಥೆ ಮುಗಿಯುತ್ತದೆ. ಅದು ಪಾಸ್‌ವರ್ಡ್ ಕಂಡುಹಿಡಿದ ಕಥೆ, ಪ್ರೀತಿಯದ್ದಲ್ಲ. ಕಥೆ ಯಾವ ಬಗೆಯದು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಕೊನೆಯ ದಿನ ನಾಯಕ ಗೆದ್ದದ್ದು ಯಾವುದರಿಂದ ಅಂತ ಕೇಳಿ. ಉತ್ತರ ಒಂದು ಚೀಟಿಯಲ್ಲಿ ಬರೆದು ಮೊದಲ ದಿನದ ನಾಯಕನಿಗೆ ಕೊಡಬಹುದಾದರೆ, ಅವನು ಏನೂ ಬದಲಾಗಿಲ್ಲ.

ಎರಡನೇ ಬಗೆಯ ಕಲಿಕೆ ಕೈಗೆ ಹತ್ತುವಂಥದ್ದು. ಫಿಲ್ ಪಿಯಾನೋ ಕಲಿಯುತ್ತಾನೆ, ಮಂಜುಗಡ್ಡೆ ಕೆತ್ತುತ್ತಾನೆ. ಟೀಚರ್‌ಗೆ ದಿನಾ ಇವನು ಹೊಸ ವಿದ್ಯಾರ್ಥಿ. ಹಾಳೆಯ ಪ್ರಕಾರ ನೋಡಿದರೆ ಇಲ್ಲೊಂದು ಸಣ್ಣ ತೂತು ಇದೆ. ಮೈ ದಿನಾ ಹೊಸದಾಗುತ್ತದೆ ಅಂದಮೇಲೆ ಬೆರಳ ಪಳಗಿಕೆ ಹೇಗೆ ಉಳಿಯಿತು? ಸಿನಿಮಾ ಅದನ್ನೂ ನೆನಪಿನ ಖಾತೆಗೇ ಹಾಕಿದೆ. ನಾನು ಜಗಳ ಮಾಡಲ್ಲ, ಏಕೆಂದರೆ ಈ ಕಲಿಕೆ ಚೀಟಿಯಲ್ಲಿ ಬರೆದು ಕೊಡುವಂಥದ್ದಲ್ಲ. ಎಷ್ಟು ದಿನ ಹಿಡಿಯಿತು ಅಂತ ಸಿನಿಮಾ ಹೇಳುವುದಿಲ್ಲ. ರೇಮಿಸ್ ಒಮ್ಮೆ ಹತ್ತು ವರ್ಷ ಅಂದಿದ್ದರು, ಆಮೇಲೆ ಮೂವತ್ತು ನಲವತ್ತು ವರ್ಷ ಇರಬೇಕು ಅಂದರು. ರೂಬಿನ್‌ರ ಮೊದಲ ಬರವಣಿಗೆಯಲ್ಲಿ ಫಿಲ್ ದಿನಕ್ಕೊಂದು ಪುಟದಂತೆ ಪುಸ್ತಕ ಓದಿ ಕಾಲ ಎಣಿಸುತ್ತಿದ್ದ. ಕ್ಯಾಲೆಂಡರ್ ಮೇಲೆ ಗೀಟು ಹಾಕಿದರೆ ಬೆಳಿಗ್ಗೆ ಅಳಿಸಿಹೋಗುತ್ತದೆ ಅಲ್ವಾ? ಹಾಗಾಗಿ ಎಣಿಕೆಯನ್ನು ತಲೆಯಲ್ಲೇ ಇಡಬೇಕು. ಎಷ್ಟನೇ ಪುಟ ಅನ್ನೋದು ನೆನಪಿದ್ದರೆ ಸಾಕು. ಬಹಳ ಒಳ್ಳೆಯ ಉಪಾಯ ಅದು.

ಮೂರನೆಯದಕ್ಕೆ ಹೆಸರಿಡುವುದು ಕಷ್ಟ, ಆ ಮುದುಕನನ್ನು ನೋಡಿದರೆ ಅರ್ಥವಾಗುತ್ತದೆ. ರಸ್ತೆ ಮೂಲೆಯ ಭಿಕ್ಷುಕನನ್ನು ಫಿಲ್ ದಿನಾ ದಾಟಿಹೋಗುತ್ತಿದ್ದ. ಒಂದು ರಾತ್ರಿ ಚಳಿಯಲ್ಲಿ ಕಂಡು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಮುದುಕ ಸಾಯುತ್ತಾನೆ. ಕೆಲವೊಮ್ಮೆ ಜನ ಸುಮ್ನೆ ಸಾಯುತ್ತಾರೆ ಅನ್ನೋ ಅರ್ಥದ ಮಾತು ಹೇಳುತ್ತಾಳೆ ನರ್ಸ್. ಇವತ್ತಲ್ಲ ಅಂತ ಫಿಲ್ ಹಠ. ಮುಂದಿನ ಸಲ ಬೇಗ ಹೋಗುತ್ತಾನೆ, ಕೂರಿಸಿಕೊಂಡು ಬಿಸಿ ಸೂಪ್ ಕುಡಿಸುತ್ತಾನೆ. ಇನ್ನೊಂದು ಸಲ ಗಲ್ಲಿಯಲ್ಲಿ ನೆಲಕ್ಕೆ ಮಲಗಿಸಿ ಉಸಿರು ಊದುತ್ತಾನೆ. ಆದರೂ ಮುದುಕ ಉಳಿಯುವುದಿಲ್ಲ. ಲೂಪ್ ಅಂದರೆ ಎಷ್ಟು ಸಲ ಬೇಕಾದರೂ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಅಂದುಕೊಂಡಿದ್ದೆವು. ಇಲ್ಲಿ ಸರಿ ಉತ್ತರವೇ ಇಲ್ಲದ ಪ್ರಶ್ನೆ ಬಂತು. ಈ ಒಂದು ಎಳೆ ತೆಗೆದುಬಿಟ್ಟರೆ ಸಿನಿಮಾ ಇನ್ನೂ ತಮಾಷೆಯಾಗಿಯೇ ಇರುತ್ತದೆ, ಆದರೆ ಫಿಲ್ ಊರಿನ ಒಡೆಯನಂತೆ ಕಾಣುತ್ತಾನೆ. ಇದು ಇರುವುದರಿಂದಲೇ ಅವನು ಮನುಷ್ಯನಾಗುತ್ತಾನೆ.

ಇನ್ನು ಲೂಪ್ ಯಾಕೆ ಶುರುವಾಯಿತು? ಒಂದು ಹಂತದ ಬರವಣಿಗೆಯಲ್ಲಿ ಹಳೆಯ ಪ್ರೇಯಸಿ ಹಾಕಿದ ಶಾಪ ಅಂತ ಕಾರಣ ಇತ್ತು. ಕೊನೆಗೆ ಅದನ್ನು ಕಿತ್ತುಹಾಕಿದರು. ಕಾರಣ ಹೇಳಿದ ಕೂಡಲೇ ನಾಯಕ ಶಾಪ ಬಿಡಿಸುವ ಕೀಲಿ ಹುಡುಕುತ್ತಾನೆ, ತನ್ನ ಕಡೆ ನೋಡುವುದಿಲ್ಲ. ಕಾರಣ ಕೊಟ್ಟೂ ಗೆಲ್ಲಬಹುದು, ಇಲ್ಲ ಅನ್ನಲ್ಲ. 2020ರ ‘ಪಾಮ್ ಸ್ಪ್ರಿಂಗ್ಸ್’ನಲ್ಲಿ ಲೂಪಿಗೆ ಒಂದು ಗುಹೆ ಕಾರಣ. ನಾಯಕಿ ಕ್ವಾಂಟಮ್ ಭೌತಶಾಸ್ತ್ರ ಓದಿ ಬಾಗಿಲು ಕಂಡುಹಿಡಿಯುತ್ತಾಳೆ. ಆದರೆ ಅಲ್ಲಿ ನಿಜವಾದ ಪ್ರಶ್ನೆ ಬಾಗಿಲಿನದಲ್ಲ. ಲೂಪಿಗೇ ಒಗ್ಗಿಹೋದ ನಾಯಕನಿಗೆ ಹೊರಗೆ ಹೋಗುವ ಮನಸ್ಸಿದೆಯಾ ಅನ್ನೋದು.

ಗ್ರೌಂಡ್‌ಹಾಗ್ ಡೇಯ ಕೊನೆಯ ದಿನವನ್ನು ಈಗ ನೋಡಿ. ಫಿಲ್ ರೀಟಾಳ ಹಿಂದೆ ಬೀಳುವುದಿಲ್ಲ. ಗಂಟಲಿಗೆ ತುತ್ತು ಸಿಕ್ಕಿಕೊಂಡವನನ್ನು ಉಳಿಸಬೇಕು, ಅಜ್ಜಿಯರ ಕಾರಿನ ಟೈರ್ ಬದಲಿಸಬೇಕು, ಅವನಿಗೆ ಪುರುಸೊತ್ತಿಲ್ಲ. ಸಂಜೆ ಪಾರ್ಟಿಯಲ್ಲಿ ಪಿಯಾನೋ ನುಡಿಸುತ್ತಿರುವಾಗ ಅವಳೇ ಅವನನ್ನು ಕಾಣುತ್ತಾಳೆ, ಊರಿನವರೆಲ್ಲ ಬಂದು ಅವನಿಗೆ ಥ್ಯಾಂಕ್ಸ್ ಹೇಳುವುದನ್ನೂ ನೋಡುತ್ತಾಳೆ. ವರ್ಮೂತ್‌ನ ವಿವರ ಅವನ ತಲೆಯಲ್ಲಿ ಇದ್ದೇ ಇದೆ, ಆದರೆ ಅದು ಬೇಕಾಗುವುದೇ ಇಲ್ಲ.

ಅದೇ ದಿನ ಮರದಿಂದ ಬೀಳುವ ಹುಡುಗನನ್ನು ಅವನು ಓಡಿಬಂದು ಹಿಡಿಯುತ್ತಾನೆ. ಹುಡುಗ ಇಳಿದವನೇ ಓಟ ಕೀಳುತ್ತಾನೆ. ಒಂದು ದಿನವೂ ನೀನು ಥ್ಯಾಂಕ್ಸ್ ಹೇಳಿಲ್ಲ ಅಂತ ಫಿಲ್ ಹಿಂದಿನಿಂದ ಕೂಗುತ್ತಾನೆ. ಹುಡುಗನಿಗೆ ಇದು ಮೊದಲನೇ ಸಲ, ಅವನಿಗೆ ಏನೂ ತಿಳಿಯಲ್ಲ. ನಾಳೆ ಕಾಣೋಣ, ಬಹುಶಃ ಅಂತ ಗೊಣಗುತ್ತಾ ಫಿಲ್ ಮುಂದಿನ ಕೆಲಸಕ್ಕೆ ಓಡುತ್ತಾನೆ.