ಒತ್ತುವ ಮೊದಲೇ ಬಳಕೆಯಾದ ಲಿಂಕ್

ಮೈಸೂರಿನ ಒಂದು ಪಕ್ಷಿ ವೀಕ್ಷಕರ ಬಳಗಕ್ಕೆ ಸದಸ್ಯರಿಗಷ್ಟೇ ಕಾಣುವ ಪುಟಗಳನ್ನು ಮಾಡಿಕೊಟ್ಟಿದ್ದೇನೆ. ಕುಕ್ಕರಹಳ್ಳಿ ಕೆರೆ ಸುತ್ತ ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ ಎಂಬ ವಿವರ ಅಲ್ಲಿರುತ್ತದೆ. ಅದು ಎಲ್ಲರಿಗೂ ಗೊತ್ತಾದರೆ ಕ್ಯಾಮೆರಾ ಹಿಡಿದವರು ಗೂಡಿನ ಬುಡದಲ್ಲೇ ಗುಂಪುಗೂಡುತ್ತಾರೆ. ಹಕ್ಕಿ ಬೆದರಿ ಮೊಟ್ಟೆ ಬಿಟ್ಟು ಹೋಗಬಹುದು. ಅದಕ್ಕೇ ಲಾಗಿನ್ ಇಟ್ಟಿದ್ದು.

ಇಂಥ ಬಳಗಗಳಲ್ಲಿ ತಿಂಗಳಿಗೊಮ್ಮೆ ಲಾಗಿನ್ ಆಗುವವರೇ ಜಾಸ್ತಿ. ಪಾಸ್‌ವರ್ಡ್ ಮರೆತೇ ಹೋಗುತ್ತದೆ. ಹಾಗಾಗಿ ಮೇಲ್‌ನಲ್ಲಿ ಬರುವ ಲಿಂಕ್ ಒತ್ತಿ ಹೊಸ ಪಾಸ್‌ವರ್ಡ್ ಇಡುವ ರೀಸೆಟ್ ಸರಿಯಾಗಿರಬೇಕು.

ಒಂದು ದಿನ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. "ಈಗ್ತಾನೇ ಮೇಲ್ ಬಂತು ಸಾರ್. ಒತ್ತಿದ್ರೆ ಈ ಲಿಂಕ್ ಆಗಲೇ ಬಳಕೆಯಾಗಿದೆ ಅಂತ ಬರುತ್ತೆ. ನಾನು ಒತ್ತಿದ್ದು ಒಂದೇ ಸಲ." ಮೂರು ಸಲ ಕಳಿಸಿದರೂ ಅದೇ ಕಥೆ.

ಸರ್ವರ್ ಲಾಗ್ ನೋಡಿದೆ. ಮೇಲ್ ಹೋದ 4 ಸೆಕೆಂಡಿಗೇ ಯಾರೋ ಲಿಂಕ್ ತೆರೆದಿದ್ದರು, ಅದೂ ಬೇರೆ ಐಪಿ ವಿಳಾಸದಿಂದ. ಆ ಸದಸ್ಯರು ಕೊಟ್ಟಿದ್ದು ಆಫೀಸಿನ ಇಮೇಲ್. ಅಂಥ ಕಡೆ ಮೇಲ್‌ನಲ್ಲಿರುವ ಲಿಂಕ್ ಅಪಾಯಕಾರಿಯೇ ಎಂದು ಭದ್ರತಾ ತಂತ್ರಾಂಶವೇ ಮೊದಲು ತೆರೆದು ನೋಡುತ್ತದೆ. ಲಿಂಕ್ ತೆರೆದ ತಕ್ಷಣ ಅದನ್ನು ರದ್ದು ಮಾಡುವಂತೆ ನಾನು ಕೋಡ್ ಬರೆದಿದ್ದೆ. ತಪ್ಪು ಇದ್ದದ್ದು ಅಲ್ಲಿ. ಈಗ ಲಿಂಕ್ ತೆರೆದರೆ ಬರೀ ಫಾರ್ಮ್ ಕಾಣುತ್ತದೆ. ಹೊಸ ಪಾಸ್‌ವರ್ಡ್ ಬರೆದು ಗುಂಡಿ ಒತ್ತಿದ ಮೇಲೆಯೇ ಲಿಂಕ್ ರದ್ದಾಗುತ್ತದೆ. ಯಾರೂ ಒತ್ತದಿದ್ದರೆ 30 ನಿಮಿಷಕ್ಕೆ ತಾನಾಗಿ ಸಾಯುತ್ತದೆ.

ಲಿಂಕಿನೊಳಗಿನ ಗುಟ್ಟಿನ ಅಕ್ಷರಗಳಿಗೆ ಟೋಕನ್ ಎನ್ನುತ್ತೇವೆ. ಪಿಎಚ್‌ಪಿಯಲ್ಲಿ ಹೀಗೆ:

```php
$token = bin2hex(random_bytes(32));
$hash  = hash('sha256', $token);
```

ಮೇಲ್‌ನಲ್ಲಿ ಹೋಗುವುದು `$token`, ಡೇಟಾಬೇಸ್‌ನಲ್ಲಿ ಉಳಿಯುವುದು ಅದರಿಂದ ಲೆಕ್ಕ ಹಾಕಿದ, ಹಿಂದಕ್ಕೆ ತಿರುಗಿಸಲಾಗದ `$hash` ಮಾತ್ರ. ಬ್ಯಾಕಪ್ ಫೈಲ್ ಯಾರ ಕೈಗಾದರೂ ಸಿಕ್ಕರೆ ಅದರಿಂದ ಲಿಂಕ್ ಕಟ್ಟಲು ಆಗುವುದಿಲ್ಲ. ಪಾಸ್‌ವರ್ಡ್‌ಗೆ ಮಾತ್ರ ಈ ಎರಡನೇ ಸಾಲು ಸಾಲದು. ಜನ ಇಡುವ ಪಾಸ್‌ವರ್ಡ್ ಊಹಿಸುವುದು ಸುಲಭ, ಅಲ್ವಾ? ಅದಕ್ಕೆ ಬೇಕೆಂದೇ ನಿಧಾನವಾಗಿ ಕೆಲಸ ಮಾಡುವ `password_hash()` ಬಳಸಬೇಕು. ಕಾರ್ಯದರ್ಶಿಗೆ ಸದಸ್ಯರ ಪಾಸ್‌ವರ್ಡ್ ಓದಲು ಸಿಗುತ್ತಿದ್ದರೆ ಆ ವ್ಯವಸ್ಥೆಯನ್ನು ಇವತ್ತೇ ಬದಲಿಸಿ.

ಇನ್ನೊಂದು ತೂತು ಆಮೇಲೆ ಕಂಡಿತು. ಚಂದಾ ಮುಗಿದು ಖಾತೆ ನಿಂತಿದ್ದವರೊಬ್ಬರು ರೀಸೆಟ್ ಮಾಡಿಕೊಂಡು ಸೀದಾ ಗೂಡಿನ ಪುಟಕ್ಕೆ ಬಂದಿದ್ದರು. ಪಾಸ್‌ವರ್ಡ್ ಬದಲಾದೊಡನೆ ನನ್ನ ಕೋಡ್ ಖಾತೆಯನ್ನೂ ಮತ್ತೆ ಚಾಲೂ ಮಾಡುತ್ತಿತ್ತು. ಇವರು ಯಾರು ಅನ್ನುವುದು ಒಂದು ಪ್ರಶ್ನೆ, ಇವರು ಈಗ ಸದಸ್ಯರೇ ಅನ್ನುವುದು ಇನ್ನೊಂದು. ಈಗ ರೀಸೆಟ್ ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಚಂದಾ ಯಾವ ದಿನದವರೆಗೆ ಇದೆ ಎಂಬುದನ್ನು ಗೂಡಿನ ಪುಟ ತೆರೆದಾಗಲೆಲ್ಲ ಸರ್ವರ್ ಬೇರೆಯಾಗಿ ನೋಡುತ್ತದೆ. ಸುಮ್ನೆ ಮೆನುವಿನಿಂದ ಪುಟದ ಹೆಸರು ತೆಗೆದರೆ ಸಾಲದು, ಅದರ ವಿಳಾಸ ಅವರ ಬ್ರೌಸರ್‌ನಲ್ಲಿ ಉಳಿದೇ ಇರುತ್ತದೆ.