ಡಿಟ್ಟೊ ಗುರುತನ್ನು ಬಿಡಿಸಿ ಬರೆಯುವ ಮೊದಲು

ಕೈಬರಹದ ಹಾಜರಿ ಪುಸ್ತಕದ ಫೋಟೊ ನೋಡಿ ಗಣಕಕ್ಕೆ ಏರಿಸುವವರು ಡಿಟ್ಟೊ, ಚುಕ್ಕೆಸಾಲು, ಖಾಲಿ ಚೌಕ ಮೂರಕ್ಕೂ ಮೇಲಿನ ಸಾಲಿನದನ್ನೇ ತುಂಬಿಬಿಡುತ್ತಾರೆ. ಸದುದ್ದೇಶದಿಂದಲೇ ಮಾಡುತ್ತಾರೆ, ಬಿಡಿಸಿ ಸರಿಪಡಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬರುತ್ತದೆ.

ಇತ್ತೀಚೆಗೆ ನೋಡಿದ ಒಂದು ಪುಟದಲ್ಲಿ, ಬಂದ ವೇಳೆಯ ಕಾಲಂನ 12ನೇ ಸಾಲಿನಲ್ಲಿ 9.10 ಎಂದಿತ್ತು. 13ರಲ್ಲಿ ಡಿಟ್ಟೊ, 14 ಖಾಲಿ, 15ರಲ್ಲಿ ಮತ್ತೆ ಡಿಟ್ಟೊ, 16ರಲ್ಲಿ ಮೂರು ಚುಕ್ಕೆ. ನಮ್ಮವರು ಈ ನಾಲ್ಕಕ್ಕೂ 9.10 ಎಂದು ತುಂಬಿದ್ದರು. 14ನೆಯವರು ಅಂದು ರಜೆಯಲ್ಲಿದ್ದರೆಂದು ಅದೇ ಸಾಲಿನ ಷರಾದಲ್ಲಿ ಬರೆದಿತ್ತು. 15ರ ಡಿಟ್ಟೊ ಖಾಲಿ ಚೌಕವನ್ನು ತೋರಿಸಲಾರದು, ಏಕೆಂದರೆ ಏನೂ ಇಲ್ಲವೆಂದು ಹೇಳಲು ಯಾರೂ ಡಿಟ್ಟೊ ಹಾಕುವುದಿಲ್ಲ. ಆದ್ದರಿಂದ ಅದು 9.10 ಆಗಿರುವ ಸಂಭವ ಹೆಚ್ಚು, ಆದರೆ ಅದು ನಮ್ಮ ಊಹೆಯೇ. 16ರ ಚುಕ್ಕೆಗಳ ಅರ್ಥ ಅದೇ ಪುಟದಲ್ಲಿ ಸಿಕ್ಕಿತು: ಬೇರೆ ಮೂರು ಸಾಲುಗಳಲ್ಲಿ ಅಂಕಿಗಳ ಅಡಿಯಲ್ಲಿ ಇಂಥವೇ ಚುಕ್ಕೆಗಳು ಇಣುಕುತ್ತಿದ್ದವು. ಆಮೇಲೆ ತುಂಬಲೆಂದು ಬಿಟ್ಟ ಜಾಗವದು. 16ನ್ನು ತುಂಬಲು ಬರೆದವರು ಮರೆತಿರಬೇಕು.

ಆದ್ದರಿಂದ ಎರಡು ಕಾಲಂ ಇಟ್ಟುಕೊಳ್ಳಿ. ಒಂದರಲ್ಲಿ ಪುಟದಲ್ಲಿರುವುದು ಇದ್ದಂತೆಯೇ, ಇನ್ನೊಂದರಲ್ಲಿ ನಮ್ಮ ಓದು. ಖಾಲಿ ಚೌಕಕ್ಕೆ [ಖಾಲಿ] ಎಂದೇ ಬರೆಯಿರಿ, ಬೆಳಕು ಪ್ರತಿಫಲಿಸಿ ಕಾಣದ್ದಕ್ಕೆ [ಕಾಣದು] ಎಂದು. ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಯಾವುದು, ನೀವು ಇನ್ನೂ ಮುಟ್ಟದ್ದು ಯಾವುದು ಎಂದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ. ಡಿಟ್ಟೊಗೆ ಇರುವ ಅರ್ಥವೆಲ್ಲ ಅದು ನಿಂತ ಜಾಗದಿಂದಲೇ ಬಂದದ್ದು. ಆ ಹಾಳೆಯನ್ನು ಯಾರಾದರೂ ಹೆಸರಿನ ಅಕಾರಾದಿಗೆ ಜೋಡಿಸಿದರೆ ಅದೇ ಗುರುತು ಇನ್ನಾರದೋ ವೇಳೆಯನ್ನು ತೋರಿಸತೊಡಗುತ್ತದೆ. ಹಾಗಾಗಿ ಪುಟದ ಸಂಖ್ಯೆ, ಸಾಲಿನ ಸಂಖ್ಯೆಗಳನ್ನು ಮೊದಲು ನಮೂದಿಸದೆ ಒಂದು ಅಕ್ಷರವನ್ನೂ ಹೊಡೆಯಬೇಡಿ ಎಂದು ನಾನು ಹಟ ಹಿಡಿಯುತ್ತೇನೆ. ಕೀಲಿಮಣೆಯ " ಚಿಹ್ನೆಯನ್ನು ಡಿಟ್ಟೊಗೆ ಬಳಸಿದರೆ ಕಡತವನ್ನು CSV ಆಗಿ ಓದುವಾಗ ಮುಂದಿನ ಸಾಲುಗಳು ಒಂದೇ ಚೌಕದೊಳಗೆ ಸೇರಿಹೋಗಬಹುದು, 〃 ಚಿಹ್ನೆ ವಾಸಿ.

ಮೇಲಿನಿಂದ ತೆಗೆದ ಫೋಟೊದಲ್ಲಿ ಇನ್ನೊಂದು ತೊಡಕಿದೆ. ಹೊಲಿಗೆಯ ಬಳಿ ಹಾಳೆ ಉಬ್ಬಿರುವುದರಿಂದ ಅಲ್ಲಿ ಸಾಲುಗಳು ಬಾಗಿ ಕಾಣುತ್ತವೆ, ಚಿಕ್ಕ ಡಿಟ್ಟೊ ಪಕ್ಕದ ಸಾಲಿನದೆಂಬಂತೆ ತೋರುತ್ತದೆ. ಪರದೆಯ ಮೇಲೆ ಅಡ್ಡಪಟ್ಟಿ ಇಟ್ಟು ನೋಡಬೇಡಿ, ಅಚ್ಚಾದ ಗೆರೆಯ ಬಾಗನ್ನೇ ಹೆಸರಿನಿಂದ ಹಿಡಿದು ಹಿಂಬಾಲಿಸಿ. ಪುಟದ ಮೊದಲ ಸಾಲಿನಲ್ಲೇ ಡಿಟ್ಟೊ ಇದ್ದರೆ, ಹಿಂದಿನ ಪುಟದ ಫೋಟೊ ಬರುವವರೆಗೆ ಆ ಚೌಕದ ಓದನ್ನು ಬಾಕಿ ಇರಿಸಿ.